ಬಿಳಿ ವೀಲ್, ಡಬ್ಲ್ಯುಎ 46 ಎಚ್: ಚಿಪ್ಪರ್ ಬ್ಲೇಡ್ ಕೆಲಸದಲ್ಲಿ ಬಳಸಿ ನೋಡಿದ ಮೇಲೆ

ಕುಶಾಲನಗರದ ಹತ್ತಿರ ನಮ್ಮ ವರ್ಕ್‌ಶಾಪ್. ಮರ ಕಪಾತು ಮುಗಿದ ಮೇಲೆ ತೋಟಗಳಿಂದ, ಕೊಂಬೆ ಚೂರು ಮಾಡುವ ಚಿಪ್ಪರ್ ಮೆಷಿನ್ ಬ್ಲೇಡ್‌ಗಳು ಸಾಣೆಗೆ ಬರುತ್ತವೆ. ಹೆಚ್ಚಿನವು ಡಿ2 ಉಕ್ಕು, ಗಡಸುತನ 60 ಎಚ್‌ಆರ್‌ಸಿ ಆಸುಪಾಸು. ಸರ್ಫೇಸ್ ಗ್ರೈಂಡರ್‌ನಲ್ಲಿ ಈ ಕೆಲಸಕ್ಕೆ ಕೆಲವು ವರ್ಷಗಳಿಂದ ಡಬ್ಲ್ಯುಎ 46 ಎಚ್ 8 ವಿ ವೀಲ್ ಹಾಕುತ್ತಿದ್ದೇವೆ. ಮೊದಲು ಇದ್ದದ್ದು ಅದೇ ಬಿಳಿ ಜಾತಿಯ 60 ಕೆ.

46, 60 ಅನ್ನುವುದು ಹರಳಿನ ಗಾತ್ರ, ಸಂಖ್ಯೆ ದೊಡ್ಡದಾದಷ್ಟು ಹರಳು ಸಣ್ಣ. ಆದರೆ ಎರಡರ ನಡುವೆ ದೊಡ್ಡ ವ್ಯತ್ಯಾಸ ಇರುವುದು ಅಕ್ಷರದಲ್ಲಿ. ಎಚ್ ಮೆದು ಗ್ರೇಡ್, ಕೆ ಅದಕ್ಕಿಂತ ಗಟ್ಟಿ. ಇಲ್ಲಿ ಗಟ್ಟಿ ಅಂದರೆ ಹರಳು ಗಟ್ಟಿ ಅಂತಲ್ಲ, ಹರಳನ್ನು ಹಿಡಿದಿರುವ ಅಂಟಿನ ಹಿಡಿತ. ಗಡಸು ಉಕ್ಕಿನ ಮೇಲೆ ಹರಳು ಬೇಗ ಮೊಂಡಾಗುತ್ತದೆ. ಮೆದು ವೀಲ್ ಆ ಮೊಂಡು ಹರಳನ್ನು ಬಿಟ್ಟುಬಿಡುತ್ತದೆ, ಒಳಗಿನ ಹೊಸದು ಮೇಲೆ ಬರುತ್ತದೆ. ಗಟ್ಟಿ ವೀಲ್ ಬಿಡುವುದಿಲ್ಲ. ಆಮೇಲೆ ಅದು ಕೊರೆಯುವುದಿಲ್ಲ, ಸುಮ್ನೆ ಉಜ್ಜುತ್ತದೆ. ಉಜ್ಜಿದ್ದೆಲ್ಲ ಬಿಸಿಯಾಗಿ ಬ್ಲೇಡಿಗೆ ಇಳಿಯುತ್ತದೆ. ವೀಲ್ ಮುಖ ಗಾಜಿನ ಹಾಗೆ ಹೊಳೆಯತೊಡಗಿತು, ಸದ್ದು ಬದಲಾಯಿತು ಅಂದರೆ ಸುಡುವುದು ಶುರುವಾಗಿದೆ ಅಂತಲೇ ಲೆಕ್ಕ.

ಒಂದು ಬ್ಲೇಡಿನ ವಿಷಯ ಹೇಳಲೇಬೇಕು. ಬೇರೆ ಕಡೆ ಸಾಣೆ ಹಿಡಿಸಿದ್ದು, ನೋಡಲು ಥಳಥಳ, ಎಲ್ಲೂ ಬಣ್ಣವಿಲ್ಲ. ಆದರೂ ಮೆಷಿನ್‌ಗೆ ಹಾಕಿದ ಸ್ವಲ್ಪ ಹೊತ್ತಿಗೇ ಅಂಚು ಚಕ್ಕೆ ಎದ್ದಿತ್ತು. ತಂದವರು, "ಅಣ್ಣಾ, ಉಕ್ಕೇ ಕಳಪೆ ಇರಬೇಕು, ಅಲ್ವಾ?" ಅಂದರು. ಸಾಣೆಯಲ್ಲಿ ಸುಟ್ಟಿದೆಯೇ ಅಂತ ನೋಡಲು ಎಣ್ಣೆ ಜಿಡ್ಡು ಪೂರ್ತಿ ಒರೆಸಿ, ಸ್ಪಿರಿಟ್‌ಗೆ ಶೇ. 4ರಷ್ಟು ನೈಟ್ರಿಕ್ ಆಸಿಡ್ ಬೆರೆಸಿದ ದ್ರಾವಣ ಸವರಿದೆವು. ಸ್ವಲ್ಪ ಹೊತ್ತಿಗೆ ಬೂದು ಮೈ ಮೇಲೆ ಕಪ್ಪು ಪಟ್ಟೆಗಳು ಎದ್ದವು. ಎರಡು ಪಟ್ಟೆಗಳ ನಡುವೆ ಬಿಳಿ ಗೆರೆ ಇತ್ತು. (ಆಸಿಡ್ಡನ್ನೇ ಸ್ಪಿರಿಟ್‌ಗೆ ಹನಿಹನಿಯಾಗಿ ಹಾಕಬೇಕು. ಬಾಗಿಲು ತೆರೆದಿರಲಿ, ಕೈಗವಸು, ಕನ್ನಡಕ ಇರಲಿ. ಉಳಿದದ್ದನ್ನು ಬಾಟಲಿಯಲ್ಲಿ ಮುಚ್ಚಿಡಬೇಡಿ.)

ಡಿ2 ಬ್ಲೇಡನ್ನು ಸಾಮಾನ್ಯವಾಗಿ 200 ಡಿಗ್ರಿ ಆಸುಪಾಸಿನಲ್ಲಿ ಟೆಂಪರ್ ಮಾಡಿರುತ್ತಾರೆ. ಮೈ ಅದಕ್ಕಿಂತ ಜಾಸ್ತಿ ಬಿಸಿಯಾದರೆ ಅಲ್ಲಿ ಮೆತ್ತಗಾಗುತ್ತದೆ. ಅದೇ ಕಪ್ಪು ಪಟ್ಟೆ. ಕ್ಷಣಕಾಲ 800 ಡಿಗ್ರಿ ದಾಟಿದರೆ ಆ ತೆಳು ಪದರ ಮತ್ತೆ ಗಡಸಾಗುತ್ತದೆ, ಆದರೆ ಟೆಂಪರ್ ಇಲ್ಲದೆ, ಪೆಡಸಾಗಿ. ಅದು ಬಿಳಿ ಗೆರೆ. ಚಕ್ಕೆ ಎದ್ದಿದ್ದು ಅಲ್ಲಿಂದಲೇ. ಸುಟ್ಟಾಗ ಕಾಣುವ ಕಂದು, ನೀಲಿ ಬಣ್ಣ ಬರೀ ಮೇಲಿನ ಆಕ್ಸೈಡ್ ಪದರ. ಕೊನೆಯ ಎರಡು ಹಗುರ ಪಾಸಿನಲ್ಲಿ ಅದು ಹೋಗುತ್ತದೆ, ಸುಟ್ಟದ್ದು ಒಳಗೇ ಉಳಿಯುತ್ತದೆ. ಬಣ್ಣ ಹೋಯಿತು ಅಂತ ಬ್ಲೇಡ್ ಕೊಟ್ಟು ಕಳಿಸುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ.

ಆ ಬ್ಲೇಡನ್ನು ಈ ಎಚ್ ವೀಲ್‌ನಲ್ಲೇ ಸರಿಮಾಡಿದ್ದು. ಪಾಸಿಗೆ 0.01 ಮಿ.ಮೀ., ಟೇಬಲ್ ಚುರುಕಾಗಿ. ಟೇಬಲ್ ನಿಧಾನವಾದರೆ ಬಿಸಿ ಒಂದೇ ಕಡೆ ನಿಲ್ಲುತ್ತದೆ. ನಡುನಡುವೆ ದ್ರಾವಣ ಸವರಿ ನೋಡುತ್ತಾ ಹೋದೆವು. ಸುಮಾರು 0.12 ಮಿ.ಮೀ. ತೆಗೆದ ಮೇಲೆ ಮೈಯೆಲ್ಲ ಒಂದೇ ಬೂದು ಬಣ್ಣಕ್ಕೆ ಬಂತು. ಆಮೇಲೆ ಸೋಡಾ ನೀರಲ್ಲಿ ತೊಳೆದು ಎಣ್ಣೆ ಸವರಿದೆವು. ನಮ್ಮ ಮಳೆಗಾಲದಲ್ಲಿ ಇದನ್ನು ಬಿಟ್ಟರೆ ಮರುದಿನವೇ ತುಕ್ಕು. ಅಡ್ಡಕ್ಕೆ ಸಣ್ಣ ಬಿರುಕು ಕಂಡಿದ್ದರೆ ಬಿರುಕು ಪೂರ್ತಿ ಹೋಗುವವರೆಗೂ ತೆಗೆಯಬೇಕಿತ್ತು, ಇಲ್ಲವೇ ಬ್ಲೇಡ್ ಬಿಸಾಡಬೇಕಿತ್ತು.

ವೀಲ್ ಸರಿಯಿದ್ದರೂ ಡ್ರೆಸ್ಸಿಂಗ್, ಅಂದರೆ ಡೈಮಂಡಿನಿಂದ ವೀಲ್ ಮುಖ ಕೆರೆದು ತೆರೆಯುವ ಕೆಲಸ, ಕೆಟ್ಟರೆ ಇದೂ ಸುಡುತ್ತದೆ. ನಮ್ಮ ಸ್ಪಿಂಡಲ್ 2,800 ಆರ್‌ಪಿಎಂ, ವೀಲ್ ಅಗಲ 20 ಮಿ.ಮೀ. ಡೈಮಂಡನ್ನು ಎರಡು ಸೆಕೆಂಡಿನಲ್ಲಿ ದಾಟಿಸಿದರೆ ಒಂದು ಸುತ್ತಿಗೆ 0.2 ಮಿ.ಮೀ. ಸರಿಯುತ್ತದೆ, ಮುಖ ಒರಟಾಗಿ ತೆರೆದುಕೊಳ್ಳುತ್ತದೆ. ಫಿನಿಶಿಂಗ್ ಚೆನ್ನಾಗಿ ಬರಲಿ ಅಂತ ಹತ್ತು ಸೆಕೆಂಡ್ ಎಳೆದರೆ ಹರಳಿನ ತುದಿಗಳೆಲ್ಲ ಸಮತಟ್ಟಾಗಿ, ಎಚ್ ವೀಲೂ ಕೆ ಥರ ವರ್ತಿಸುತ್ತದೆ. ಕೂಲಂಟ್ ಧಾರೆಯೂ ವೀಲ್ ಬ್ಲೇಡಿಗೆ ತಾಗುವ ಜಾಗಕ್ಕೇ, ನಿಲ್ಲದೆ ಬೀಳಬೇಕು. ಒಣಗಿ ಕಾದ ಬ್ಲೇಡಿಗೆ ಬ್ರಷ್‌ನಲ್ಲಿ ಆಗಾಗ ನೀರು ಹಚ್ಚುವುದು ಬಿರುಕಿಗೆ ದಾರಿ. ಅದಕ್ಕಿಂತ ಹಗುರ ಪಾಸಿನಲ್ಲಿ ಒಣದಾಗಿಯೇ ಮಾಡುವುದು ವಾಸಿ.

ಕೊರತೆ ಇಲ್ಲ ಅಂತಲ್ಲ. ಈ ವೀಲ್ ಬೇಗ ಸವೆಯುತ್ತದೆ, ದೊಡ್ಡ ಬ್ಲೇಡಿನಲ್ಲಿ ಸೈಜ್ ಮತ್ತೆ ಮತ್ತೆ ಅಳೆಯಬೇಕು. ಮೂಲೆ ಚೂಪಾಗಿ ನಿಲ್ಲುವುದಿಲ್ಲ, ಹಾಗಾಗಿ ಸ್ಲಾಟ್ ಕೆಲಸಕ್ಕೆ ಬೇಡ. ಮೈಯೂ 60ರಷ್ಟು ನುಣುಪಲ್ಲ. ಗಡಸು ಮಾಡದ ಮೆದು ಉಕ್ಕಿಗೆ, ಅಂದರೆ ಎಂಎಸ್‌ಗೆ, ಹಾಕಿದರೆ ಸುಮ್ನೆ ಉದುರಿ ಖಾಲಿಯಾಗುತ್ತದೆ, ಅದಕ್ಕೆ ಕೆ ವೀಲನ್ನೇ ಇಟ್ಟುಕೊಂಡಿದ್ದೇವೆ. ಗಡಸು ಬ್ಲೇಡಿನ ಅಗಲ ಮುಖಕ್ಕೆ ಮಾತ್ರ ನಾನು ಮತ್ತೆ ಇದನ್ನೇ ಕೊಳ್ಳುತ್ತೇನೆ.