ಮೂವಿಂಗ್ ಆವರೇಜೋ, ಫಸ್ಟ್ ಆರ್ಡರ್ ಫಿಲ್ಟರೋ: ತೋಟದ ತೊಟ್ಟಿಯಲ್ಲಿ ಎರಡನ್ನೂ ಓಡಿಸಿ ನೋಡಿದ ಮೇಲೆ

ಸೆನ್ಸರ್ ರೀಡಿಂಗಿನ ಕುಣಿತ ತಗ್ಗಿಸಲು ನನಗೆ ಒಗ್ಗಿದ್ದು ಫಸ್ಟ್ ಆರ್ಡರ್ ಫಿಲ್ಟರ್, ಅಂದರೆ ಹಳೆಯ ಲೆಕ್ಕವನ್ನು ಪ್ರತಿ ಹೊಸ ರೀಡಿಂಗಿನ ಕಡೆಗೆ ಸ್ವಲ್ಪ ಸ್ವಲ್ಪವೇ ಸರಿಸುವುದು. ಆದರೆ ಮೊದಲು ಕೈಕೊಟ್ಟಿದ್ದೂ ಅದೇ.

ಚನ್ನಗಿರಿ ಕಡೆ ನಮ್ಮ ಅಡಿಕೆ ತೋಟದಲ್ಲಿ ಬೋರಿನ ನೀರು ಮೊದಲು ತೊಟ್ಟಿಗೆ ಬೀಳುತ್ತದೆ. ತಳದಲ್ಲಿ ಒತ್ತಡದ ಸೆನ್ಸರ್ ಇದೆ, ಅದರ ವೈರು ಆರ್ಡುಯಿನೋ ಊನೋ ಬೋರ್ಡಿಗೆ. ತೊಟ್ಟಿ ತುಂಬಿದಾಗ ರೀಡಿಂಗ್ 796ರಿಂದ 804ರ ನಡುವೆ ಕುಣಿಯುತ್ತದೆ. ಫಿಲ್ಟರ್ ಆದ ಲೆಕ್ಕ 795 ಮುಟ್ಟಿದರೆ ಮೋಟರ್ ನಿಲ್ಲಬೇಕು.

ಒಂದು ರಾತ್ರಿ ತ್ರೀಫೇಸ್ ಬಂತು, ಮೋಟರ್ ಓಡಿತು, ನಿಲ್ಲಲೇ ಇಲ್ಲ. ಬೆಳಿಗ್ಗೆ ಅಣ್ಣ ಫೋನ್ ಮಾಡಿ, "ತೊಟ್ಟಿ ತುಂಬಿ ಹರಿದು ಬುಡವೆಲ್ಲ ಕೆಸರಾಗಿದೆ ಕಣೋ" ಎಂದ. ಸೆನ್ಸರ್ ಕೆಟ್ಟಿದೆ ಅಂದುಕೊಂಡು ದಾವಣಗೆರೆಗೆ ಹೋಗಿ ಹೊಸದು ತಂದೆ. ಅದೂ ಹಾಗೇ ಮಾಡಿತು.

ಆಮೇಲೆ ಹಸಿ ರೀಡಿಂಗನ್ನೂ ಫಿಲ್ಟರ್ ಆದದ್ದನ್ನೂ ಪಕ್ಕಪಕ್ಕ ಪ್ರಿಂಟ್ ಮಾಡಿ ನೋಡಿದೆ. ಹಸಿದು 800ರ ಆಸುಪಾಸಿನಲ್ಲೇ ಇತ್ತು. ಫಿಲ್ಟರ್ ಮಾತ್ರ 789ಕ್ಕೆ ಬಂದು ಅಂಟಿಕೊಂಡಿತ್ತು. ನಾನು ಬರೆದಿದ್ದ ಸಾಲು ಇದು, `x` ಅಂದರೆ ಹಸಿ ರೀಡಿಂಗ್, `y` ಅಂದರೆ ಫಿಲ್ಟರ್ ಆದದ್ದು:

```
y = y + (x - y) / 16;
```

ಎಲ್ಲವೂ ಪೂರ್ಣಾಂಕ. ಹಾಗಾಗಿ ವ್ಯತ್ಯಾಸ 16ಕ್ಕಿಂತ ಕಡಿಮೆಯಾದರೆ ಭಾಗಲಬ್ಧ ಸೊನ್ನೆ. 804ರಿಂದ 789 ಕಳೆದರೆ 15, ಅಲ್ಲಿಗೆ ಹತ್ತುವುದು ನಿಂತಿತು. ನೀರು ಇಳಿಯುವಾಗ ಇದೇ ತಿರುಗಾಮುರುಗಾ, ಫಿಲ್ಟರ್ ಮೇಲೆಯೇ ಉಳಿಯುತ್ತದೆ. ಏರುವಾಗ ಕಡಿಮೆ, ಇಳಿಯುವಾಗ ಜಾಸ್ತಿ ತೋರಿಸಿ ನಿಂತರೆ ಮೊದಲು ಈ ಸಾಲನ್ನೇ ನೋಡಿ. ಪರಿಹಾರ ಸುಲಭ. ಫಿಲ್ಟರಿನ ಲೆಕ್ಕವನ್ನು `acc`ನಲ್ಲಿ 16 ಪಟ್ಟು ದೊಡ್ಡದಾಗಿಯೇ ಇಟ್ಟುಕೊಂಡರೆ ಚಿಲ್ಲರೆ ಕಳೆಯುವುದಿಲ್ಲ:

```
acc = acc + x - (acc >> 4);
y = acc >> 4;
```

ಶುರುವಿನಲ್ಲಿ ಮೊದಲ ರೀಡಿಂಗಿನ 16 ಪಟ್ಟನ್ನು `acc`ಗೆ ತುಂಬಿ. ಇಲ್ಲದಿದ್ದರೆ ಸೊನ್ನೆಯಿಂದ ಹತ್ತುತ್ತಾ ಬರುತ್ತದೆ. ಊನೋದ `int` 32767ರವರೆಗೆ ಹಿಡಿಯುತ್ತದೆ. ರೀಡಿಂಗ್ ಹೆಚ್ಚೆಂದರೆ 1023, ಅದರ 16 ಪಟ್ಟು 16368, ತೊಂದರೆಯಿಲ್ಲ. 64 ಪಟ್ಟು ಮಾಡುವುದಾದರೆ `long` ಬೇಕು.

ಕೊನೆಯ 16 ರೀಡಿಂಗಿನ ಸರಾಸರಿ ತೆಗೆಯುವ ಮೂವಿಂಗ್ ಆವರೇಜಿಗೆ ಈ ಅಂಟು ರೋಗ ಇಲ್ಲ, ಅದು ನಿಜ. 16 ರೀಡಿಂಗ್ ಕಳೆದರೆ ಹಳೆಯದು ಪೂರ್ತಿ ಮರೆತುಹೋಗುತ್ತದೆ. ಮೋಟರ್ ಕೇಬಲ್ಲಿನ 50 ಹರ್ಟ್ಸ್ ಗದ್ದಲವೇ ನಿಮ್ಮ ತಲೆನೋವಾದರೆ ಇದೇ ವಾಸಿ: 2 ಮಿಲಿಸೆಕೆಂಡಿಗೊಂದರಂತೆ 10 ರೀಡಿಂಗ್ ತಗೊಂಡರೆ ಸರಿಯಾಗಿ ಒಂದು ಸುತ್ತು, ಏರಿದ್ದೂ ಇಳಿದದ್ದೂ ವಜಾ. ಆದರೆ ಪ್ರತಿ ಸೆನ್ಸರಿಗೂ ಒಂದು ಅರೇ, ಒಂದು ಇಂಡೆಕ್ಸ್. ಹದ ಬದಲಿಸಬೇಕಾದರೆ ಅರೇ ಉದ್ದವನ್ನೇ ಬದಲಿಸಬೇಕು. ನಿಧಾನ ಏರುವ ನೀರಿಗೆ ಅಷ್ಟೆಲ್ಲ ಯಾಕೆ?

ಒಂದೇ ಒಂದು ರೀಡಿಂಗ್ ಥಟ್ಟನೆ ಹಾರಿದರೆ ಎರಡೂ ಕೆಡುತ್ತವೆ. ಮೂರು ರೀಡಿಂಗಿನಲ್ಲಿ ನಡುವಿನದನ್ನು ಆರಿಸಿ, ಆಮೇಲೆ ಫಿಲ್ಟರಿಗೆ ಕೊಡಿ.

ಆ ರಾತ್ರಿಯ ನಂತರ ಮೇಲೊಂದು ಫ್ಲೋಟ್ ಸ್ವಿಚ್ಚನ್ನೂ ಹಾಕಿದೆ. ಗುಂಡಿ ಒತ್ತಿದಾಗಿನ ಅದುರು ಅಡಗಲೆಂದು 50 ಮಿಲಿಸೆಕೆಂಡ್ ಕಾಯುವ ಡಿಬೌನ್ಸ್ ಇಲ್ಲಿ ಸಾಲಲಿಲ್ಲ. ಪೈಪಿನ ನೀರು ಬೀಳುವ ಅಲೆಗೆ ಫ್ಲೋಟೇ ಮೇಲೆ ಕೆಳಗೆ ಆಡುತ್ತದೆ, ರಿಲೇ ಟಕಟಕ ಅನ್ನುತ್ತದೆ. ಈಗ 3 ಸೆಕೆಂಡ್ ಸತತ ಒಂದೇ ಸ್ಥಿತಿ ಇದ್ದರೆ ಮಾತ್ರ ನಂಬುತ್ತೇನೆ, ನಡುವೆ ಬದಲಾದರೆ ಎಣಿಕೆ ಮತ್ತೆ ಸೊನ್ನೆಯಿಂದ.

ಸುಮ್ನೆ ಕೊಂಡ ಆ ಎರಡನೇ ಸೆನ್ಸರನ್ನು ಕೆಳಗಿನ ತೊಟ್ಟಿಗೆ ಇಳಿಸಿದ್ದೇನೆ. ಅದಕ್ಕೂ ಇದೇ ಎರಡು ಸಾಲು.