ಭಾನುವಾರ ಒತ್ತಿದ ಚಲನ್ ಫೈಲು, ಸೋಮವಾರ ಹೋದ ದುಡ್ಡು

ಆನ್‌ಲೈನ್ ವಂಚನೆಯ ಬಗ್ಗೆ ನಮ್ಮ ಬ್ಯಾಂಕ್ ಶಾಖೆಯಲ್ಲಿ ಗ್ರಾಹಕರು ಹಲವು ಪ್ರಶ್ನೆ ಕೇಳುತ್ತಾರೆ. ಅದರಲ್ಲೊಂದು ಪ್ರಶ್ನೆಗೆ ಮಾತ್ರ ಎರಡು ಸಾಲಿನ ಉತ್ತರ ಸಾಲುವುದಿಲ್ಲ: "ವಾಟ್ಸಾಪಿನಲ್ಲಿ ಬಂದ ಫೈಲು ಒತ್ತಿದೆ, ಎಂತದೂ ಆಗ್ಲಿಲ್ಲ. ಹಾಗಾದರೆ ತೊಂದರೆ ಇಲ್ಲ ಅಲ್ವಾ?" ಹೀಗೆಯೇ ಅಂದುಕೊಂಡು ಒಂದು ರಾತ್ರಿ ನಿಶ್ಚಿಂತೆಯಿಂದ ಮಲಗಿದ ನಮ್ಮ ಗ್ರಾಹಕರೊಬ್ಬರು ಮರುದಿನ ₹1,04,000 ಕಳೆದುಕೊಂಡರು. ಅವರ ಒಪ್ಪಿಗೆಯ ಮೇರೆಗೆ, ಹೆಸರು ಮತ್ತು ಊರು ಬಿಟ್ಟು, ಆದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಶಿರಸಿ ಘಟ್ಟದ ಕಡೆಯ ಅಡಿಕೆ ಬೆಳೆಗಾರರು ಅವರು. ಮನೆಯಲ್ಲಿ ಫೈಬರ್ ಇಂಟರ್ನೆಟ್ ಇದೆ, ಮೊಬೈಲ್ ಸಿಗ್ನಲ್ ಇಲ್ಲ. ನಮ್ಮ ಜಿಲ್ಲೆಯಲ್ಲಿ ಇದು ಹೊಸದೇನಲ್ಲ. ಭಾನುವಾರ ಸಂಜೆ ಊರಿನ ಗುಂಪಿಗೆ ಪರಿಚಯದವರ ನಂಬರಿನಿಂದ `RTO E-Challan.apk` ಎಂಬ ಫೈಲು ಬಂತು. "ನಿಮ್ಮ ವಾಹನಕ್ಕೆ ದಂಡ ಬಿದ್ದಿದೆ, ಅರ್ಧ ರಿಯಾಯಿತಿ ಇವತ್ತೇ ಕೊನೆ" ಎಂಬ ಒಕ್ಕಣೆ. ಸರ್ಕಾರ ಕೆಲವು ಬಾರಿ ಬಾಕಿ ದಂಡದಲ್ಲಿ ಅರ್ಧ ಬಿಟ್ಟದ್ದು ನಿಜವೇ ಆದ್ದರಿಂದ ಅನುಮಾನ ಬರಲಿಲ್ಲ. ಕಳಿಸಿದ ಪರಿಚಯಸ್ಥರ ಫೋನೂ ಅಷ್ಟರಲ್ಲಿ ಕಳ್ಳರ ಕೈಗೆ ಹೋಗಿತ್ತು ಎಂದು ಗೊತ್ತಾದದ್ದು ಆಮೇಲೆ. ಈ ಫೈಲು ಹರಡುವುದೇ ಹಾಗೆ: ಒಬ್ಬರ ಎಸ್ಸೆಮ್ಮೆಸ್ ಕಳ್ಳರಿಗೆ ಸಿಕ್ಕಿತೆಂದರೆ ಅವರ ವಾಟ್ಸಾಪನ್ನು ಬೇರೆ ಫೋನಿನಲ್ಲಿ ತೆರೆಯಲು ಬೇಕಾದ ಕೋಡೂ ಸಿಗುತ್ತದೆ. ಅಲ್ಲಿಂದ ಅವರ ಎಲ್ಲ ಗುಂಪುಗಳಿಗೂ ಫೈಲು ಹೋಗುತ್ತದೆ. ಆದ್ದರಿಂದ "ಗೊತ್ತಿದ್ದವರೇ ಕಳಿಸಿದ್ದಾರೆ" ಎಂಬುದು ಇಲ್ಲಿ ಸಮಾಧಾನದ ಮಾತಲ್ಲ.

ಹೆಸರಿನ ಕೊನೆಯಲ್ಲಿ `.apk` ಇದ್ದರೆ ಅದು ಚಿತ್ರವೂ ಅಲ್ಲ, ರಸೀದಿಯೂ ಅಲ್ಲ. ಆಂಡ್ರಾಯ್ಡ್ ಫೋನಿಗೆ ಹೊಸ ಆ್ಯಪ್ ಹಾಕುವ ಫೈಲು. ಒತ್ತಿದ ಕೂಡಲೇ ಫೋನು ತಡೆಯಿತು. ಅವರು ಸೆಟ್ಟಿಂಗಿಗೆ ಹೋಗಿ ವಾಟ್ಸಾಪಿಗೆ `Install unknown apps` ಅನುಮತಿ ಕೊಟ್ಟರು. ಆ್ಯಪ್ ತೆರೆದುಕೊಂಡು ಎಸ್ಸೆಮ್ಮೆಸ್ ಓದುವ, ಕಳಿಸುವ ಅನುಮತಿ ಕೇಳಿತು, ಅದಕ್ಕೂ ಒಪ್ಪಿದರು. ದಂಡ ಕಟ್ಟಲೆಂದು ಒಂದು ಪುಟ ಬಂತು. ಅದರಲ್ಲಿ ಡೆಬಿಟ್ ಕಾರ್ಡಿನ ನಂಬರು, ಅವಧಿ ಮುಗಿಯುವ ತಿಂಗಳು, ಹಿಂಬದಿಯ ಮೂರಂಕಿ, ಕೊನೆಗೆ ಎಟಿಎಂ ಪಿನ್ನೂ ಹಾಕಿದರು. "ಸರ್ವರ್ ಬ್ಯುಸಿ" ಎಂದು ತೋರಿಸಿ ಪುಟ ಮುಚ್ಚಿತು. ಆ್ಯಪಿನ ಚಿಹ್ನೆಯೂ ಫೋನಿನ ಪರದೆಯಿಂದ ಮಾಯವಾಯಿತು. ಕಟ್ ಆದದ್ದು ಒಂದು ರೂಪಾಯಿಯೂ ಇಲ್ಲ. ಫೈಲು ಸರಿಯಿಲ್ಲ ಅಂದುಕೊಂಡು ಅವರು ಸುಮ್ಮನಾದರು.

ಆ ರಾತ್ರಿ ದುಡ್ಡು ಉಳಿದದ್ದು ಮನೆಯಲ್ಲಿ ಸಿಗ್ನಲ್ ಇಲ್ಲದ್ದರಿಂದ. ಕಾರ್ಡಿನ ವಿವರವೆಲ್ಲ ಕಳ್ಳರ ಬಳಿ ಇತ್ತು. ಆದರೆ ಬೇರೆ ಫೋನಿನಲ್ಲಿ ಇವರ ಹೆಸರಲ್ಲಿ ಮೊಬೈಲ್ ಬ್ಯಾಂಕಿಂಗ್ ತೆರೆಯಲು ಒಟಿಪಿ ಬೇಕು, ಅದು ಇವರ ಸಿಮ್ಮಿಗೇ ಬರಬೇಕು. ಯುಪಿಐ ತೆರೆಯಲು ಇನ್ನೊಂದು ಹೆಜ್ಜೆ ಇದೆ: ಖಾತೆಗೆ ಜೋಡಿಸಿದ ಸಿಮ್ಮಿನಿಂದ ಒಂದು ಎಸ್ಸೆಮ್ಮೆಸ್ ಹೊರಗೆ ಹೋಗಬೇಕು. ಸಿಮ್ ನಮ್ಮ ಕೈಯಲ್ಲೇ ಇದೆ ಎಂದು ಬ್ಯಾಂಕಿಗೆ ಖಾತ್ರಿಯಾಗುವುದು ಹಾಗೆ. ಎಸ್ಸೆಮ್ಮೆಸ್ ಕಳಿಸುವ ಅನುಮತಿ ಪಡೆದ ಆ್ಯಪು ಕಳ್ಳರು ಹೇಳಿದ ಸಂದೇಶವನ್ನು ನಿಮ್ಮ ಸಿಮ್ಮಿನಿಂದಲೇ, ನಿಮಗೆ ಕಾಣದಂತೆ ಕಳಿಸಬಲ್ಲದು. ಸಿಗ್ನಲ್ ಇಲ್ಲದ ಮನೆಯಲ್ಲಿ ಎರಡೂ ನಡೆಯಲಿಲ್ಲ. ವೈಫೈ ಕಾಲಿಂಗ್ ಇರುವ ಫೋನಾಗಿದ್ದರೆ ಮನೆಯಲ್ಲೇ ಒಟಿಪಿ ಬಂದು ಆ ರಾತ್ರಿಯೇ ಎಲ್ಲ ಮುಗಿದುಹೋಗುವ ಸಾಧ್ಯತೆ ಇತ್ತು.

ಸೋಮವಾರ ಬೆಳಿಗ್ಗೆ ಅವರು ಶಿರಸಿ ಪೇಟೆಗೆ ಬಂದರು. ಸಿಗ್ನಲ್ ಸಿಕ್ಕಿತು, ಮೊಬೈಲ್ ಡೇಟಾವೂ ಚಾಲೂ ಇತ್ತು. ಉಳಿತಾಯ ಖಾತೆಯಲ್ಲಿ ₹1,86,000, ಜೊತೆಗೆ ₹1,00,000ದ ಒಂದು ಠೇವಣಿ. 11:04ಕ್ಕೆ ಯುಪಿಐ ಮೂಲಕ ₹5,000 ಹೋಯಿತು. ಹೊಸ ಫೋನಿನಲ್ಲಿ ಯುಪಿಐ ತೆರೆದರೆ ಮೊದಲ 24 ಗಂಟೆ ಸಾಮಾನ್ಯವಾಗಿ ₹5,000 ಮೀರಿ ಕಳಿಸಲು ಬಿಡುವುದಿಲ್ಲ, ಆ ಮೊತ್ತಕ್ಕೆ ಕಾರಣ ಅದೇ. ಬಳಿಕ ಮೊಬೈಲ್ ಬ್ಯಾಂಕಿಂಗಿನಿಂದ 11:09ಕ್ಕೆ ₹49,500, 11:12ಕ್ಕೆ ಮತ್ತೆ ₹49,500. ಅವರ ಮೊಬೈಲ್ ಬ್ಯಾಂಕಿಂಗಿಗೆ ದಿನಕ್ಕೆ ಒಂದು ಲಕ್ಷದ ಮಿತಿ ಇತ್ತು, ಅದು ಅಲ್ಲಿಗೆ ಬಹುತೇಕ ಮುಗಿಯಿತು. ಆದರೂ ಕಳ್ಳರು ನಿಲ್ಲಲಿಲ್ಲ. 11:31ಕ್ಕೆ ಠೇವಣಿಯನ್ನು ಅವಧಿಗೆ ಮುಂಚೆ ಮುರಿದು ದುಡ್ಡನ್ನು ಉಳಿತಾಯ ಖಾತೆಗೆ ತಂದಿಟ್ಟರು. ರಾತ್ರಿ ಹನ್ನೆರಡು ದಾಟಿದರೆ ಹೊಸ ದಿನ, ಹೊಸ ಮಿತಿ. ಕಾಯ್ದದ್ದು ಅದಕ್ಕೇ.

ಈ ಯಾವುದೂ ಅವರಿಗೆ ತಿಳಿಯಲಿಲ್ಲ, ಏಕೆಂದರೆ ಎಸ್ಸೆಮ್ಮೆಸ್ ಬಂದ ಸದ್ದನ್ನೂ ಸೂಚನೆಯನ್ನೂ ಆ ಆ್ಯಪು ಅಡಗಿಸಿತ್ತು. ಮಧ್ಯಾಹ್ನ ಅಂಗಡಿಯಲ್ಲಿ ಗೊಬ್ಬರದ ಬಿಲ್ಲು ಕೊಡಲು ಹೋದಾಗ ಯುಪಿಐ ಮತ್ತೆ ನೋಂದಣಿ ಕೇಳಿತು. ಗಮನಿಸಬೇಕಾದ ಗುರುತು ಇದೇ. ನೀವು ಏನೂ ಮಾಡದೆ ಯುಪಿಐ ಅಥವಾ ವಾಟ್ಸಾಪು ತಾನಾಗಿ ಲಾಗೌಟ್ ಆಗಿದ್ದರೆ ನಿಮ್ಮ ನಂಬರು ಬೇರೆ ಫೋನಿನಲ್ಲಿ ತೆರೆದಿರಬಹುದು. ಅಂಗಡಿಯಲ್ಲಿದ್ದವರು "ಫೋನ್ ರೀಸೆಟ್ ಮಾಡಿ, ಸರಿಯಾಗ್ತದೆ" ಅಂದರು. ಪುಣ್ಯಕ್ಕೆ ಅವರು ಹಾಗೆ ಮಾಡದೆ ನೇರವಾಗಿ ಶಾಖೆಗೆ ಬಂದರು. ರೀಸೆಟ್ ಮಾಡಿದರೆ ಆ್ಯಪ್ ಹೋಗುತ್ತದೆ ನಿಜ, ಆದರೆ ಕಳ್ಳರ ಫೋನಿನಲ್ಲಿ ಆಗಲೇ ತೆರೆದ ಬ್ಯಾಂಕಿಂಗ್ ಹೋಗುವುದಿಲ್ಲ. ಪೊಲೀಸರಿಗೆ ಬೇಕಾದ ಫೈಲು ಮತ್ತು ಸಂದೇಶ ಮಾತ್ರ ಅಳಿಸಿಹೋಗುತ್ತವೆ.

12:50ಕ್ಕೆ ಖಾತೆಯಿಂದ ದುಡ್ಡು ಹೊರಹೋಗುವುದನ್ನು ತಡೆದೆವು, ಕಾರ್ಡು ಮುಚ್ಚಿದೆವು, ಮೊಬೈಲ್ ಬ್ಯಾಂಕಿಂಗ್ ಮತ್ತು ಯುಪಿಐ ನಿಲ್ಲಿಸಿದೆವು. 12:58ಕ್ಕೆ ಅವರಿಂದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿದೆವು. ದುಡ್ಡು ಹೋಗಿ ಎರಡು ಗಂಟೆ ಆಗುತ್ತ ಬಂದಿತ್ತು. ದುಡ್ಡು ಸೇರಿದ್ದ ಖಾತೆಯೊಂದರಲ್ಲಿ ಉಳಿದಿದ್ದ ₹31,200 ಮಾತ್ರ ತಡೆಹಿಡಿಯಲು ಸಾಧ್ಯವಾಯಿತು. ಅದೂ ಕಾನೂನಿನ ಪ್ರಕ್ರಿಯೆ ಮುಗಿದ ಮೇಲೆ ಕೈಗೆ ಬರಬೇಕು. ಠೇವಣಿಯ ಲಕ್ಷ ಉಳಿಯಿತು, ಮಧ್ಯದಲ್ಲಿ ಮುರಿದದ್ದಕ್ಕೆ ಬಡ್ಡಿ ಕಡಿಮೆಯಾಯಿತು ಅಷ್ಟೆ.

"ಬ್ಯಾಂಕ್ ಉಳಿದದ್ದನ್ನು ತುಂಬಿ ಕೊಡುವುದಿಲ್ಲವೇ?" ಎಂದು ಕೇಳುವವರು ಬಹಳ. ಇದಕ್ಕೆ ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆ ಹೇಳಿದ್ದು ಹೀಗೆ. ತಪ್ಪು ಬ್ಯಾಂಕಿನದ್ದಾದರೆ ಗ್ರಾಹಕರಿಗೆ ನಷ್ಟವಿಲ್ಲ. ತಪ್ಪು ಇಬ್ಬರದ್ದೂ ಅಲ್ಲದೆ ವ್ಯವಸ್ಥೆಯಲ್ಲಿ ಬೇರೆಲ್ಲೋ ಆಗಿ, ಬ್ಯಾಂಕಿನ ಸೂಚನೆ ಬಂದ 3 ಕೆಲಸದ ದಿನದೊಳಗೆ ತಿಳಿಸಿದರೂ ನಷ್ಟವಿಲ್ಲ. ಆದರೆ ಪಿನ್ನು, ಕಾರ್ಡಿನ ವಿವರ ಗ್ರಾಹಕರೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದ್ದು. ತಿಳಿಸಿದ ನಂತರ ಹೋದದ್ದು ಬ್ಯಾಂಕಿನದ್ದು. ಈ ಪ್ರಕರಣದಲ್ಲಿ ಗೆರೆ ಬಿದ್ದದ್ದು 12:50ಕ್ಕೆ. ಕೇಳಲು ಕಹಿ, ಆದರೂ ಮುಚ್ಚಿಡುವುದು ಸರಿಯಲ್ಲ. ಭಾನುವಾರ ಸಂಜೆಯೇ ಗ್ರಾಹಕ ಸೇವೆಗೆ ಕರೆ ಮಾಡಿ ಕಾರ್ಡು, ಯುಪಿಐ, ಮೊಬೈಲ್ ಬ್ಯಾಂಕಿಂಗ್ ಮೂರನ್ನೂ ನಿಲ್ಲಿಸಿದ್ದರೆ ದುಡ್ಡು ಹೋಗುವ ದಾರಿಯೇ ಇರುತ್ತಿರಲಿಲ್ಲ. ಆ ಕರೆಗೆ ಭಾನುವಾರ, ಹಬ್ಬ ಎಂಬ ರಜೆ ಇಲ್ಲ.

ನೀವೂ ಇಂಥ ಫೈಲು ಒತ್ತಿ ಅನುಮತಿ ಕೊಟ್ಟಿದ್ದರೆ ದುಡ್ಡು ಹೋಗಲಿ ಎಂದು ಕಾಯಬೇಡಿ. ಮೊದಲು ಆ ಫೋನನ್ನು `Airplane mode`ಗೆ ಹಾಕಿ, ವೈಫೈ ಆಫ್ ಆಗಿದೆಯೇ ಎಂದೂ ನೋಡಿ. ಕೆಲವು ಫೋನುಗಳಲ್ಲಿ ಅದು ಚಾಲೂ ಉಳಿಯುತ್ತದೆ. ಆಮೇಲೆ ಸಿಮ್ ತೆಗೆದು ಮನೆಯಲ್ಲಿರುವ ಹಳೆಯ ಬಟನ್ ಫೋನಿಗೆ ಹಾಕಿ. ಇದು ನಾವು ಎಲ್ಲರಿಗೂ ಹೇಳುವ ಉಪಾಯ. ಒಟಿಪಿ ಬಂದರೂ ಕಳ್ಳ ಆ್ಯಪಿಗೆ ಸಿಗುವುದಿಲ್ಲ, ನಿಮ್ಮ ಕಣ್ಣಿಗೆ ಬೀಳುತ್ತದೆ, ಬ್ಯಾಂಕಿನಿಂದ ಕರೆಯೂ ಬರುತ್ತದೆ. ಬಟನ್ ಫೋನು ಇಲ್ಲದಿದ್ದರೆ ಸಿಮ್ ತೆಗೆದಿಟ್ಟು ಮನೆಯವರ ಫೋನಿನಿಂದ ಮುಂದುವರಿಯಿರಿ. ಬ್ಯಾಂಕಿನ ನಂಬರನ್ನು ಕಾರ್ಡಿನ ಹಿಂಬದಿಯಲ್ಲಿ ಅಥವಾ ಪಾಸ್‌ಬುಕ್ಕಿನಲ್ಲಿ ನೋಡಿ. ಗೂಗಲಿನಲ್ಲಿ ಹುಡುಕಿದರೆ ಇನ್ನೊಬ್ಬ ಕಳ್ಳನ ನಂಬರೇ ಸಿಗಬಹುದು. ಕಾರ್ಡು, ಯುಪಿಐ, ಮೊಬೈಲ್ ಬ್ಯಾಂಕಿಂಗ್ ಮೂರನ್ನೂ ನಿಲ್ಲಿಸಲು ಹೇಳಿ. ಕಾರ್ಡು ಮಾತ್ರ ಮುಚ್ಚಿದರೆ ಉಳಿದೆರಡು ತೆರೆದೇ ಇರುತ್ತವೆ. ಬೇರೆ ಬ್ಯಾಂಕಿನಲ್ಲೂ ಅದೇ ನಂಬರು ಜೋಡಿಸಿದ್ದರೆ ಅಲ್ಲಿಗೂ ತಿಳಿಸಿ. ಇದನ್ನು ಹೆಚ್ಚಿನವರು ಮರೆಯುತ್ತಾರೆ.

ದುಡ್ಡು ಹೋಗಿದ್ದರೆ ಕೂಡಲೇ 1930. ಹೋದ ಮೊತ್ತ, ಸಮಯ, ಯುಪಿಐ ವ್ಯವಹಾರದ 12 ಅಂಕಿಯ ಉಲ್ಲೇಖ ಸಂಖ್ಯೆ ಕೇಳುತ್ತಾರೆ. ಫೋನು ತೆರೆಯುವಂತಿಲ್ಲದಿದ್ದರೆ ಶಾಖೆಯಲ್ಲಿ ಸ್ಟೇಟ್‌ಮೆಂಟ್ ಪಡೆದು ಅದರಿಂದ ಹೇಳಿ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಆನ್‌ಲೈನಿನಲ್ಲಿ `cybercrime.gov.in`ನಲ್ಲೂ ದೂರು ಕೊಡಬಹುದು. ನಮ್ಮ ಜಿಲ್ಲೆಗೆ ಕಾರವಾರದಲ್ಲಿ ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆ ಇದೆ, ಆದರೆ ಜೊಯಿಡಾದಿಂದಲೋ ಸಿದ್ದಾಪುರದಿಂದಲೋ ಅಲ್ಲಿಗೆ ಬಸ್ಸು ಹತ್ತಿ ಹೊರಡುವ ಮೊದಲು 1930ಕ್ಕೆ ಕರೆ ಮುಗಿಸಿ. ದುಡ್ಡು ತಡೆಯುವುದು ಆ ಕರೆಯಿಂದ.

ದಂಡ ನಿಜವಾಗಿಯೂ ಇದೆಯೇ ಎಂದು ನೋಡಬೇಕಾದರೆ `echallan.parivahan.gov.in` ಎಂದು ನೀವೇ ಬರೆದು, ಅಲ್ಲಿ ಕೇಳುವ ವಾಹನದ ವಿವರ ಹಾಕಿ. ಸಂದೇಶದಲ್ಲಿ ನಿಮ್ಮ KA 31 ಅಥವಾ KA 30 ನಂಬರು ಸರಿಯಾಗಿಯೇ ಇದ್ದರೂ ಅದರಿಂದ ಏನೂ ಸಾಬೀತಾಗುವುದಿಲ್ಲ, ಬೀದಿಯಲ್ಲಿ ನಿಂತ ಗಾಡಿಯ ನಂಬರು ಎಲ್ಲರಿಗೂ ಕಾಣುತ್ತದೆ. ಬ್ಯಾಂಕಿನ ವೆಬ್‌ಸೈಟ್ ವಿಳಾಸ ಈಗ `.bank.in` ಎಂದು ಮುಗಿಯುತ್ತದೆ, ಅದನ್ನೂ ನೋಡಿಕೊಳ್ಳಿ.

ಮೊಬೈಲ್ ಬ್ಯಾಂಕಿಂಗಿನಲ್ಲಿ ದಿನದ ಮಿತಿಯನ್ನು ನಿಮಗೆ ಬೇಕಾದಷ್ಟಕ್ಕೆ ಇಳಿಸಿಡಿ. ದಿನಸಿ, ಗ್ಯಾಸ್, ಕರೆಂಟು ಬಿಲ್ಲಿಗೆ ಒಂದು ಲಕ್ಷದ ಮಿತಿ ಯಾರಿಗೂ ಬೇಡ. ಅಡಿಕೆ ಮಾರಿದ ವಾರ ಏರಿಸಿ, ಮತ್ತೆ ಇಳಿಸಬಹುದು. ಠೇವಣಿಯನ್ನು ಆನ್‌ಲೈನಿನಲ್ಲಿ ಮುರಿಯದಂತೆ ಮಾಡುವ ಸೌಲಭ್ಯ ನಿಮ್ಮ ಬ್ಯಾಂಕಿನಲ್ಲಿ ಇದೆಯೇ ಎಂದು ಕೇಳಿ. ಸಿಗ್ನಲ್ ಇಲ್ಲದ ಊರಿನವರು ವ್ಯವಹಾರದ ಸೂಚನೆ ಇಮೇಲಿಗೂ ಬರುವಂತೆ ಮಾಡಿಸಿಕೊಂಡರೆ ಮನೆಯ ವೈಫೈನಲ್ಲೇ ಕಾಣುತ್ತದೆ.

ತಡೆಹಿಡಿದ ಖಾತೆಯನ್ನು ಮತ್ತೆ ತೆರೆಸಲು ಶಾಖೆಗೆ ಬರುವಾಗ ಪಾಸ್‌ಬುಕ್ಕು, ಆಧಾರ್, 1930ರ ದೂರಿನ ಸಂಖ್ಯೆ ತನ್ನಿ. ಫೋನನ್ನು ಪೊಲೀಸರಿಗೆ ತೋರಿಸಿ, ಆಮೇಲೆ ರೀಸೆಟ್ ಮಾಡಿಸಿ. ಅದಾಗುವವರೆಗೆ ಹೊಸ ಕಾರ್ಡಿನ ಪಿನ್ನನ್ನಾಗಲಿ ಯುಪಿಐಯನ್ನಾಗಲಿ ಆ ಫೋನಿನಲ್ಲಿ ತೆರೆಯಬೇಡಿ. ಅಲ್ಲಿಯವರೆಗೆ ಕೌಂಟರಿನಲ್ಲಿ ಚೀಟಿ ಬರೆದು ದುಡ್ಡು ತೆಗೆಯಲು ಬೇಕಾದರೆ ಏರ್ಪಾಡು ಮಾಡಿಕೊಡುತ್ತೇವೆ.