ಅರ್ಧ ಮೊಟ್ಟೆ ಹಾಕೋದು ಹೇಗೆ? ನಾಲ್ಕು ದಾರಿ ಮಾಡಿ ನೋಡಿದೆ

ನಮ್ಮ ಮನೆಯ ಓಟಿಜಿ ಚಿಕ್ಕದು. ಒಂದು ಟ್ರೇಗೆ ಹನ್ನೆರಡು ಬಿಸ್ಕತ್ತು ಹಿಡಿಯುತ್ತದೆ, ತಿನ್ನುವವರೂ ಇಬ್ಬರೇ. ಹಾಗಾಗಿ ಯಾವ ರೆಸಿಪಿ ಸಿಕ್ಕಿದರೂ ಅರ್ಧ ಮಾಡಿಕೊಳ್ಳುತ್ತೇನೆ. 240 ಗ್ರಾಂ ಮೈದಾ 120 ಆಗುತ್ತದೆ, 120 ಗ್ರಾಂ ಬೆಣ್ಣೆ 60 ಆಗುತ್ತದೆ, 140 ಗ್ರಾಂ ಸಕ್ಕರೆ 70 ಆಗುತ್ತದೆ. ಕೊನೆಯ ಸಾಲಿನಲ್ಲಿ ‘ಮೊಟ್ಟೆ 1’ ಅಂತ ಇರುತ್ತದೆ. ಅಲ್ಲಿ ಕೈ ನಿಲ್ಲುತ್ತದೆ.

ಒಂದೇ ಬೆಣ್ಣೆ ಬಿಸ್ಕತ್ತನ್ನು ನಾಲ್ಕು ಥರ ಮಾಡಿ ನೋಡಿದೆ. ಇಡೀ ಮೊಟ್ಟೆ ಹಾಕಿ ಒಂದು ಸಲ, ಬರೀ ಹಳದಿ ಹಾಕಿ ಒಂದು ಸಲ, ಗೊಟಾಯಿಸಿ ಚಮಚದಲ್ಲಿ ಅಳೆದು ಒಂದು ಸಲ, ಗೊಟಾಯಿಸಿ ತೂಗಿ ಒಂದು ಸಲ. ಮಿಕ್ಕಿದ್ದೆಲ್ಲ ಒಂದೇ ಅಳತೆ, ಒಂದೇ ಬಿಸಿ.

ಇಡೀ ಮೊಟ್ಟೆಯ ವಿಷಯ ಬೇಗ ಮುಗಿಯುತ್ತದೆ. ಹಿಟ್ಟು ಕೈಗೆ ಅಂಟಿತು, ಉಂಡೆ ಕಟ್ಟಲು ಮತ್ತೆರಡು ಚಮಚ ಮೈದಾ ಬೇಕಾಯಿತು. ಬೆಂದ ಮೇಲೆ ಉಬ್ಬಿ ಮೆತ್ತಗಾಯಿತು, ಬಿಸ್ಕತ್ತು ಹೋಗಿ ಚಪ್ಪಟೆ ಕೇಕ್ ಆದ ಹಾಗೆ. ಮೊಟ್ಟೆಯ ವಾಸನೆಯೂ ಮುಂದೆ ಬಂತು. ಇದು ಬೇಡ.

ಬರೀ ಹಳದಿ ಹಾಕುವುದು ನಮ್ಮ ಅತ್ತಿಗೆಯ ದಾರಿ. “ಅಷ್ಟೆಲ್ಲ ಯಾಕೆ ತೂಗ್ತೀಯಾ, ಒಂದು ಹಳದಿ ಹಾಕು ಸಾಕು” ಅನ್ನುತ್ತಾರೆ. ರುಚಿ ನಿಜಕ್ಕೂ ಚೆನ್ನಾಗಿತ್ತು, ಬಣ್ಣವೂ ಚೆಂದ. ಆದರೆ ಹಿಟ್ಟು ಒಣಗಿದಂತಿತ್ತು, ಒತ್ತಿದರೆ ಅಂಚು ಬಿರುಕು ಬಿಟ್ಟಿತು, ಒಲೆಯಲ್ಲಿ ಹರಡಲೇ ಇಲ್ಲ. ಯಾಕೆ ಅಂತ ಲೆಕ್ಕ ಹಾಕಿದೆ. ಒಂದು ಹಳದಿ ಸುಮಾರು 15 ಗ್ರಾಂ, ಅದರಲ್ಲಿ ನೀರು ಅರ್ಧದಷ್ಟು. ಪೂರ್ತಿ ಮೊಟ್ಟೆಯಲ್ಲಿ ಮುಕ್ಕಾಲು ಪಾಲು ನೀರೇ. ಅಂದರೆ ಹಿಟ್ಟಿಗೆ ಸುಮಾರು 10 ಗ್ರಾಂ ನೀರು ಕಡಿಮೆ ಬಿತ್ತು. ಮುಂದಿನ ಸಲ ಹಳದಿಯ ಜೊತೆ ಎರಡು ಟೀ ಚಮಚ ಹಾಲು ಹಾಕಿದೆ. ಬಿರುಕು ಹೋಯಿತು, ಬಿಸ್ಕತ್ತು ಅಳತೆಗೆ ಹರಡಿತು. ಮನೆಯಲ್ಲಿ ತೂಕದ ಮಷಿನ್ ಇಲ್ಲದವರಿಗೆ ನಾನು ಹೇಳುವುದು ಇದನ್ನೇ.

ಚಮಚದ ದಾರಿಯ ಮೇಲೆ ನನಗೆ ತುಂಬ ನಂಬಿಕೆ ಇತ್ತು. ಮೊಟ್ಟೆ ಗೊಟಾಯಿಸಿ ಒಂದೂವರೆ ದೊಡ್ಡ ಚಮಚ ಹಾಕಿದರೆ ಆಯ್ತಲ್ಲ ಅಂದುಕೊಂಡಿದ್ದೆ. ಅದೇ ಅಳತೆಯನ್ನು ಮೂರು ಸಲ ತೆಗೆದು ತೂಗಿದೆ. ಒಮ್ಮೆ 18 ಗ್ರಾಂ ಬಂತು, ಒಮ್ಮೆ 23, ಒಮ್ಮೆ 27. ಜೋರಾಗಿ ಗೊಟಾಯಿಸಿದಾಗ ನೊರೆ ಬಂದಿತ್ತು, ಚಮಚ ತುಂಬಿದ್ದರೂ ಅದರಲ್ಲಿ ಗಾಳಿಯೇ ಜಾಸ್ತಿ. ಸುಮ್ನೆ ಎರಡು ಸುತ್ತು ಕಲಕಿದಾಗ ಬಿಳಿಯ ಲೋಳೆ ಹಾಗೇ ಉಳಿದಿತ್ತು. ಚಮಚ ಎತ್ತಿದರೆ ಆ ಲೋಳೆ ದಾರದ ಹಾಗೆ ಬಟ್ಟಲಿನಿಂದ ಜೋತು ಬರುತ್ತದೆ, ಆಮೇಲೆ ಒಂದೇ ಏಟಿಗೆ ಜಾರಿ ಎಲ್ಲ ಬಿದ್ದುಬಿಡುತ್ತದೆ. ದೋಸೆಯಂಥ ಪ್ಯಾನ್‌ಕೇಕಿಗೆ ನಾಲ್ಕೈದು ಗ್ರಾಂ ಆಚೀಚೆ ಆದರೆ ನಡೆಯುತ್ತದೆ. 120 ಗ್ರಾಂ ಮೈದಾದ ಬಿಸ್ಕತ್ತಿಗೆ ಅಷ್ಟರಲ್ಲೇ ಹದ ತಪ್ಪುತ್ತದೆ.

ತೂಗುವುದಕ್ಕೆ ಈ ತಾಪತ್ರಯ ಇಲ್ಲ. ನೊರೆ ಬಂದರೂ ತೂಕ ಅಷ್ಟೇ. ಆದರೆ ಗೊಟಾಯಿಸುವುದು ಸರಿಯಾಗಿ ಆಗಬೇಕು. ಹಳದಿ ಬಿಳಿ ಪೂರ್ತಿ ಬೆರೆಯದಿದ್ದರೆ ಮೊದಲು ಸುರಿಯುವುದು ಬಿಳಿ. ತೂಕದಲ್ಲಿ ಅರ್ಧ ಸಿಕ್ಕಿದರೂ ಹಳದಿ ಅರ್ಧ ಸಿಗುವುದಿಲ್ಲ. ನಾನು ಚಿಕ್ಕ ಬಟ್ಟಲಿಗೆ ಮೊಟ್ಟೆ ಒಡೆದು, ಚಿಟಿಕೆ ಉಪ್ಪು ಹಾಕಿ, ಫೋರ್ಕಿನಲ್ಲಿ ಬಟ್ಟಲಿನ ತಳಕ್ಕೆ ತಾಗುವ ಹಾಗೆ ಅಡ್ಡಡ್ಡ ಆಡಿಸುತ್ತೇನೆ. ಹಾಗೆ ಮಾಡಿದರೆ ನೊರೆ ಕಡಿಮೆ. ಐದು ನಿಮಿಷ ಬಿಟ್ಟರೆ ಉಪ್ಪಿಗೆ ಲೋಳೆ ಸಡಿಲವಾಗುತ್ತದೆ. ಫೋರ್ಕ್ ಎತ್ತಿದಾಗ ದಾರ ಎಳೆಯದೆ ಹನಿಹನಿಯಾಗಿ ಬಿದ್ದರೆ ಆಯಿತು. ಇನ್ನೂ ಗಂಟು ಕಂಡರೆ ಟೀ ಸೋಸುವ ಜರಡಿಯಲ್ಲಿ ಒಮ್ಮೆ ಸೋಸಿಬಿಡಿ. ರೆಸಿಪಿಯ ಉಪ್ಪಿನಲ್ಲಿ ಆ ಚಿಟಿಕೆ ಕಡಿಮೆ ಮಾಡಿದರೆ ಸಾಕು.

ಇನ್ನೊಂದು ವಿಷಯ, ಇದು ತೂಗಿದ ಮೇಲೆಯೇ ನನಗೆ ಗೊತ್ತಾದದ್ದು. ನಮ್ಮ ಅಂಗಡಿಯಿಂದ ತಂದ ಮೊಟ್ಟೆ ಚಿಪ್ಪಿನ ಜೊತೆ 52 ಗ್ರಾಂ ಇತ್ತು, ಒಡೆದ ಮೇಲೆ 46. ಅಮೆರಿಕದ ರೆಸಿಪಿಗಳಲ್ಲಿ ‘ಲಾರ್ಜ್’ ಮೊಟ್ಟೆ ಅಂದರೆ ಚಿಪ್ಪು ಬಿಟ್ಟು ಸುಮಾರು 50 ಗ್ರಾಂ. ಹಾಗಾಗಿ ಅಂಥ ರೆಸಿಪಿಯ ಅರ್ಧ ಮೊಟ್ಟೆ ನನ್ನ ಮೊಟ್ಟೆಯ ಅರ್ಧ ಅಲ್ಲ. 23 ಅಲ್ಲ, 25 ಗ್ರಾಂ ಹಾಕಬೇಕು. ಊರಿನ ರೆಸಿಪಿ ಆದರೆ ಇದ್ದ ಮೊಟ್ಟೆಯ ಸರಿಯರ್ಧ ಹಾಕುತ್ತೇನೆ.

ಸುರಿಯುವಾಗ ಮೊದಮೊದಲು ತಪ್ಪು ಮಾಡುತ್ತಿದ್ದೆ. ಬೆಣ್ಣೆ ಸಕ್ಕರೆ ಇದ್ದ ಪಾತ್ರೆಯನ್ನು ಮಷಿನ್ ಮೇಲಿಟ್ಟು ಅದಕ್ಕೆ ಮೊಟ್ಟೆ ಸುರಿಯುತ್ತಿದ್ದೆ. ಕೈ ಜಾರಿ 34 ಆಯಿತು, ಬೆಣ್ಣೆಗೆ ಬಿದ್ದ ಮೊಟ್ಟೆ ವಾಪಸ್ ಬರುತ್ತದೆಯೇ? ಈಗ ಮೊಟ್ಟೆಯ ಬಟ್ಟಲನ್ನೇ ಮಷಿನ್ ಮೇಲಿಟ್ಟು TARE ಒತ್ತಿ ಸೊನ್ನೆ ಮಾಡುತ್ತೇನೆ. ಚಮಚ ಚಮಚವಾಗಿ ತೆಗೆದು ಹಿಟ್ಟಿಗೆ ಹಾಕುತ್ತಾ ಹೋದರೆ ಮಷಿನ್ −8, −17 ಅಂತ ತೋರಿಸುತ್ತದೆ. −25 ಬಂದಾಗ ನಿಲ್ಲಿಸುವುದು. ಹನಿಹನಿ ನೇರ ಸುರಿಯುವುದಕ್ಕಿಂತ ಇದು ಒಳ್ಳೆಯದು, ಯಾಕೆಂದರೆ ಒಂದು ಗ್ರಾಂ ಲೆಕ್ಕದ ಮಷಿನ್‌ಗಳಿಗೆ ಸಣ್ಣ ಹನಿ ಎಷ್ಟೋ ಸಲ ತಿಳಿಯುವುದೇ ಇಲ್ಲ.

ಹೀಗೆ ಮಾಡಿದ ಬಿಸ್ಕತ್ತು ಪೂರ್ತಿ ರೆಸಿಪಿಯ ಬಿಸ್ಕತ್ತಿನ ಹಾಗೇ ಬಂತು. ಅಂಚು ಗರಿಗರಿ, ನಡುವೆ ಮೆತ್ತಗೆ. ನನಗೆ ಇದೇ ಮೊದಲು, ಹಳದಿ ಹಾಲು ಎರಡನೆಯದು.

ಬಟ್ಟಲಿನಲ್ಲಿ ಉಳಿದದ್ದು 21 ಗ್ರಾಂ. ಇದಕ್ಕೂ ಮೂರು ದಾರಿ ನೋಡಿದೆ. ಎಲ್ಲಕ್ಕಿಂತ ಸುಲಭದ್ದು, ಒಂದು ಟೀ ಚಮಚ ಹಾಲು ಬೆರೆಸಿ ಅದೇ ಬಿಸ್ಕತ್ತಿನ ಮೇಲೆ ಬ್ರಶ್‌ನಲ್ಲಿ ಸವರುವುದು. ಒಳ್ಳೆ ಹೊಳಪು ಬರುತ್ತದೆ. ಆದರೆ ಹನ್ನೆರಡಕ್ಕೆ ಅದರ ಅರ್ಧವೂ ಖರ್ಚಾಗುವುದಿಲ್ಲ. ಎರಡನೆಯದು ಕಟ್ಲೆಟ್. ಒಂದು ಚಮಚ ನೀರು ಸೇರಿಸಿ ತೆಳ್ಳಗೆ ಮಾಡಿ, ನಾಲ್ಕು ಆಲೂ ಕಟ್ಲೆಟ್ ಅದ್ದಿ ಚಿರೋಟಿ ರವೆಯಲ್ಲಿ ಹೊರಳಿಸಿದೆ. ಕಡೆಯ ಹನಿಯವರೆಗೂ ಉಪಯೋಗಕ್ಕೆ ಬಂತು, ರವೆಯೂ ಎಣ್ಣೆಯಲ್ಲಿ ಉದುರಲಿಲ್ಲ.

ಮೂರನೆಯದು ಎತ್ತಿಡುವುದು. ಇದಕ್ಕೆ ಬಿಗಿ ಮುಚ್ಚಳದ ಡಬ್ಬಿ ಬೇಕು. ಒಮ್ಮೆ ತೆರೆದ ಬಟ್ಟಲಲ್ಲೇ ಫ್ರಿಜ್‌ನಲ್ಲಿಟ್ಟೆ, ಬೆಳಿಗ್ಗೆ ನೋಡಿದರೆ ಮೇಲೆ ರಬ್ಬರಿನಂಥ ಪೊರೆ ಕಟ್ಟಿತ್ತು. ಹಿಟ್ಟು ಹತ್ತಿದ ಚಮಚ ಮುಳುಗಿಸಿದ್ದನ್ನಂತೂ ಎತ್ತಿಡುವುದಿಲ್ಲ, ಅವತ್ತೇ ಬೇಯಿಸಿಬಿಡುತ್ತೇನೆ. ಹೊರಗೆ ಗಂಟೆಗಟ್ಟಲೆ ಉಳಿದದ್ದನ್ನು ಚೆಲ್ಲುತ್ತೇನೆ. ಚೊಕ್ಕವಾಗಿ ಮುಚ್ಚಿಟ್ಟದ್ದನ್ನು ಎರಡು ದಿನದೊಳಗೆ ಮುಗಿಸುತ್ತೇನೆ. ಹೆಚ್ಚಾಗಿ ಮರುದಿನದ ಎಗ್ ರೈಸಿಗೆ ಹೋಗುತ್ತದೆ. ಹೊಸದಾಗಿ ಎರಡು ಮೊಟ್ಟೆ ಒಡೆದು ಅದರೊಳಗೆ ಇದನ್ನೂ ಸುರಿದು, ಈರುಳ್ಳಿ ಹಸಿಮೆಣಸಿನಕಾಯಿ ಬಾಡಿದ ಮೇಲೆ ಬಾಣಲೆಗೆ ಹಾಕಿದರೆ ಇಬ್ಬರ ತಟ್ಟೆಗೂ ಸರಿಯಾಗುತ್ತದೆ.